ಅಲಾಯ್ ವೀಲ್‌ಗೆ ಪೌಡರ್ ಕೋಟಿಂಗ್: ಓವನ್ ಶಾಖಕ್ಕೆ ಲೋಹದ ಬಲ ಕುಗ್ಗುತ್ತದೆಯೇ?

ಮಳೆಗಾಲ ಕಳೆಯುವಷ್ಟರಲ್ಲಿ ಬೆಂಗಳೂರಿನ ಕಾರುಗಳ ಅಲಾಯ್ ವೀಲ್‌ಗಳು ಬಡವಾಗಿರುತ್ತವೆ. ನೀರು ನಿಂತು ಕಾಣದ ಗುಂಡಿಗಳು ಒಂದು ಕಡೆ, ಫುಟ್‌ಪಾತಿನ ಕಲ್ಲಿಗೆ ಒತ್ತಿ ನಿಲ್ಲಿಸಬೇಕಾದ ಇಕ್ಕಟ್ಟು ಇನ್ನೊಂದು ಕಡೆ. ರಿಮ್ಮಿನ ಅಂಚು ತರಚಿ, ಕ್ಲಿಯರ್ ಕೋಟ್ ಎದ್ದು, ಅದರಡಿ ಬಿಳಿ ಪುಡಿಯಂಥ ತುಕ್ಕು ಕಾಣಿಸಿದಾಗ ಎರಡು ದಾರಿ ಇರುತ್ತವೆ. ಒಂದು, ಸ್ಪ್ರೇ ಗನ್ನಿನಲ್ಲಿ ಪೇಂಟ್ ಹೊಡೆಸುವುದು. ಇನ್ನೊಂದು, ಒಣ ಬಣ್ಣದ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಪದರವಾಗಿ ಕೂರಿಸುವ ಪೌಡರ್ ಕೋಟಿಂಗ್ ಘಟಕಕ್ಕೆ, ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ, ಕೊಡುವುದು. ಎರಡನೆಯದರಲ್ಲಿ ವೀಲ್ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್ನಿನೊಳಗೆ ಹೋಗುತ್ತದೆ ಎಂದು ತಿಳಿದ ಕೂಡಲೇ ಹೆಚ್ಚಿನವರಿಗೆ ಅನುಮಾನ ಬರುತ್ತದೆ: ಇಷ್ಟು ಕಾಯಿಸಿದರೆ ಅಲ್ಯೂಮಿನಿಯಂ ಮೆತ್ತಗಾಗುವುದಿಲ್ಲವೇ?

ಶಾಖವನ್ನೂ ಸಮಯವನ್ನೂ ಹಿಡಿತದಲ್ಲಿಟ್ಟು ಒಮ್ಮೆ ಮಾಡಿದ ಪೌಡರ್ ಕೋಟಿಂಗ್‌ನಿಂದ ಎರಕದ ವೀಲ್ ದುರ್ಬಲವಾಗುವುದಿಲ್ಲ. ಆದರೆ ಹಿಡಿತ ತಪ್ಪುವ ಜಾಗಗಳು ಇದೇ ಕೆಲಸದೊಳಗೆ ಇವೆ. ಅವು ಯಾವುವು, ಏಕೆ ಅಪಾಯ ಎಂದು ಗೊತ್ತಾಗಬೇಕಾದರೆ ವೀಲ್‌ಗೆ ಬಲ ಹೇಗೆ ಬರುತ್ತದೆ ಎಂಬಲ್ಲಿಂದ ಹೊರಡಬೇಕು.

## ವೀಲ್‌ಗೆ ಬಲ ಬರುವುದು ಹೇಗೆ

ಸಾಮಾನ್ಯ ಕಾರುಗಳ ಬಹುಪಾಲು ಅಲಾಯ್ ವೀಲ್‌ಗಳು ಎ356 ಎಂಬ ಮಿಶ್ರಲೋಹದ ಎರಕಗಳು. ಅಲ್ಯೂಮಿನಿಯಂಗೆ ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್ ಮತ್ತು 0.3 ಪಾಲಿನಷ್ಟು ಮೆಗ್ನೀಸಿಯಂ ಬೆರೆಸಿದ ಲೋಹ ಇದು. ಸಿಲಿಕಾನ್ ಇರುವುದರಿಂದ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಅಷ್ಟು ಸಣ್ಣ ಪ್ರಮಾಣದ ಮೆಗ್ನೀಸಿಯಂ ಮಾತ್ರ ಗಟ್ಟಿತನದ ಕೀಲಿಕೈ.

ಅಚ್ಚಿನಿಂದ ಹೊರಬಂದ ವೀಲ್ ಇನ್ನೂ ಮೆತ್ತಗಿರುತ್ತದೆ. ಅದನ್ನು ಸುಮಾರು 540 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸಿದಾಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಕಣಗಳು ಅಲ್ಯೂಮಿನಿಯಂನೊಳಗೆ ಕರಗಿ ಸೇರುತ್ತವೆ. ಕೂಡಲೇ ನೀರಿಗೆ ಅದ್ದಿದರೆ ಅವು ಹೊರಬರಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಆಮೇಲೆ 155 ಡಿಗ್ರಿಯ ಆಸುಪಾಸಿನಲ್ಲಿ ನಾಲ್ಕಾರು ಗಂಟೆ ಇಟ್ಟರೆ ಅವೆರಡೂ ಕೂಡಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಹರಳುಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತವೆ. ಈ ಕೊನೆಯ ಹಂತಕ್ಕೆ ಏಜಿಂಗ್ ಎನ್ನುತ್ತಾರೆ. ಮೂರೂ ಹಂತ ದಾಟಿದ ಲೋಹದ ಸ್ಥಿತಿಗೆ ಟಿ6 ಎಂದು ಹೆಸರು.

ಹೊರೆ ಬಿದ್ದಾಗ ಲೋಹ ಬಾಗುವುದು ಅದರೊಳಗಿನ ಪದರಗಳು ಒಂದರ ಮೇಲೊಂದು ಜಾರುವುದರಿಂದ. ಈ ಹರಳುಗಳು ಆ ಜಾರಾಟಕ್ಕೆ ಅಡ್ಡ ನಿಲ್ಲುತ್ತವೆ. ಒಂದು ಲೋಡ್ ಜಲ್ಲಿಯನ್ನು ರಸ್ತೆಯ ತುಂಬ ಹರವಿದರೆ ಕೈಗಾಡಿ ತಳ್ಳುವುದು ಕಷ್ಟ. ಅದೇ ಜಲ್ಲಿಯನ್ನು ಮೂರು ಗುಡ್ಡೆ ಮಾಡಿಟ್ಟರೆ ನಡುವೆ ಗಾಡಿ ಸಲೀಸಾಗಿ ಹೋಗುತ್ತದೆ. ಹೆಚ್ಚು ಶಾಖ ಸಿಕ್ಕಾಗ ಲೋಹದಲ್ಲಿ ಆಗುವುದು ಈ ಎರಡನೆಯದು. ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ, ಅಡೆತಡೆಗಳ ಸಂಖ್ಯೆ ಇಳಿಯುತ್ತದೆ, ಬಲ ಕುಸಿಯುತ್ತದೆ. ಇದಕ್ಕೆ ಓವರ್‌ಏಜಿಂಗ್ ಎಂದು ಹೆಸರು. ಹೀಗೆ ಮೆತ್ತಗಾದ ವೀಲ್ ತಣ್ಣಗಾದ ಮೇಲೂ ಮೆತ್ತಗೇ ಇರುತ್ತದೆ. 540 ಡಿಗ್ರಿಯಿಂದ ಎಲ್ಲವನ್ನೂ ಮತ್ತೆ ಮಾಡಿದರೆ ಮಾತ್ರ ಬಲ ಮರಳುತ್ತದೆ. ಹಾಗೆ ಮಾಡಿದರೆ ಸಿದ್ಧವಾದ ವೀಲ್ ಸೊಟ್ಟಗಾಗುವುದರಿಂದ ರಿಪೇರಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

## 200 ಡಿಗ್ರಿಯ ಲೆಕ್ಕ

ಶಾಖದ ಪರಿಣಾಮವನ್ನು ಡಿಗ್ರಿ ಒಂದರಿಂದಲೇ ಅಳೆಯಲಾಗದು, ಎಷ್ಟು ಹೊತ್ತು ಎಂಬುದೂ ಅಷ್ಟೇ ಮುಖ್ಯ. ಅಂದಾಜಿಗೆ ಒಂದು ಸೂತ್ರ ಇಟ್ಟುಕೊಳ್ಳಬಹುದು: ಈ ವ್ಯಾಪ್ತಿಯಲ್ಲಿ ಶಾಖ ಹತ್ತು ಡಿಗ್ರಿ ಏರಿದರೆ ಏಜಿಂಗ್ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಎಲ್ಲಿ ಹುಷಾರಾಗಿರಬೇಕು ಎಂಬುದನ್ನು ಸರಿಯಾಗಿ ತೋರಿಸುತ್ತದೆ.

15 ಇಂಚಿನ ಎರಕದ ವೀಲ್ ಒಂದನ್ನು ತೆಗೆದುಕೊಳ್ಳೋಣ. ಮೊದಲು, ಲೋಹದ ಸಣ್ಣ ರಂಧ್ರಗಳಲ್ಲಿರುವ ಗಾಳಿ, ತೇವ, ಎಣ್ಣೆ ಹೊರಹೋಗಲೆಂದು ಬರಿ ವೀಲನ್ನು 200 ಡಿಗ್ರಿಯಲ್ಲಿ 20 ನಿಮಿಷ ಕಾಯಿಸುತ್ತಾರೆ. ಇದು ಪ್ರಿಬೇಕ್. ನಂತರ ಪ್ರೈಮರ್ ಪುಡಿಯನ್ನು ಪೂರ್ತಿ ಬೇಯಿಸದೆ, ಕರಗಿ ಅಂಟಿಕೊಳ್ಳುವಷ್ಟು ಮಾತ್ರ ಕೆಲವು ನಿಮಿಷ ಬಿಸಿ ಮಾಡುತ್ತಾರೆ. ಆಮೇಲೆ ಬಣ್ಣದ ಪುಡಿಗೆ 180 ಡಿಗ್ರಿಯಲ್ಲಿ 15 ನಿಮಿಷ, ಕ್ಲಿಯರ್ ಪುಡಿಗೆ ಅಷ್ಟೇ ಶಾಖದಲ್ಲಿ ಇನ್ನೊಂದು 15 ನಿಮಿಷ.

ಇದನ್ನೆಲ್ಲ ಕಾರ್ಖಾನೆಯ 155 ಡಿಗ್ರಿಯ ಏಜಿಂಗ್‌ಗೆ ಹೋಲಿಸಿದರೆ, 180 ಡಿಗ್ರಿಯ ಅರ್ಧ ಗಂಟೆ ಸುಮಾರು ಮೂರು ಗಂಟೆಗೆ ಸಮ. ಪ್ರಿಬೇಕಿನ 20 ನಿಮಿಷವೇ ಏಳೆಂಟು ಗಂಟೆಗೆ ಸಮ. ಒಟ್ಟು ಹತ್ತು ಹನ್ನೊಂದು ಗಂಟೆಯ ಹೆಚ್ಚುವರಿ ಏಜಿಂಗ್ ಆಯಿತು. ಕಾರ್ಖಾನೆಯ ಏಜಿಂಗ್ ಗರಿಷ್ಠ ಬಲಕ್ಕಿಂತ ಸ್ವಲ್ಪ ಮೊದಲೇ ನಿಲ್ಲುವುದು ಸಾಮಾನ್ಯವಾದ್ದರಿಂದ, ಇಷ್ಟರಿಂದ ಲೋಹ ಗರಿಷ್ಠ ಬಲದ ಹತ್ತಿರವೇ ಇರುತ್ತದೆ. ಗಡಸುತನ ತುಸು ಏರಲೂಬಹುದು. ಕಡಿಮೆಯಾಗುವುದು ಬಾಗುವ ಗುಣ, ಅಂದರೆ ಮುರಿಯುವ ಮುನ್ನ ಬಗ್ಗುವ ಶಕ್ತಿ. ಗುಂಡಿಗೆ ಬಿದ್ದಾಗ ಕಾಪಾಡುವುದು ಇದೇ ಗುಣವಾದ್ದರಿಂದ ಇದನ್ನು ಸುಮ್ಮನೆ ಕಳೆಯುವುದು ಬೇಡ.

ಲೆಕ್ಕದಲ್ಲಿ ದೊಡ್ಡ ಪಾಲು ಬಣ್ಣದ್ದಲ್ಲ, ಪ್ರಿಬೇಕಿನದು ಎಂಬುದನ್ನು ಗಮನಿಸಿ. 180 ಡಿಗ್ರಿಯಲ್ಲಿ ಬೇಯುವ ಪುಡಿ ಆರಿಸಿ, ಪ್ರಿಬೇಕನ್ನು 190ಕ್ಕೆ ನಿಲ್ಲಿಸಿದರೆ ಅದರ ಪಾಲು ಅರ್ಧಕ್ಕಿಳಿಯುತ್ತದೆ. ಪ್ರಿಬೇಕಿನ ಕೆಲಸಕ್ಕೆ ಬಣ್ಣದ ಓವನ್ನಿಗಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ ಸಾಕು. ಮಾತಾಡಿ ಒಪ್ಪಿಸಿಕೊಳ್ಳಬೇಕಾದ ಮೊದಲ ವಿಷಯ ಇದು ಎಂದು ನಮ್ಮ ಅಭಿಪ್ರಾಯ.

ಈಗ ಅದೇ ಸೂತ್ರದಲ್ಲಿ 250 ಡಿಗ್ರಿ ಹಾಕಿ ನೋಡಿ. 20 ನಿಮಿಷವೆಂದರೆ 155 ಡಿಗ್ರಿಯಲ್ಲಿ ಸುಮಾರು ಹತ್ತು ದಿನ ಇಟ್ಟಂತೆ. ಅಲ್ಲಿ ಓವರ್‌ಏಜಿಂಗ್ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. 200 ಮತ್ತು 250ರ ನಡುವಿನ ಐವತ್ತು ಡಿಗ್ರಿ ಓವನ್ನಿನ ಮೀಟರಿನಲ್ಲಿ ಸಣ್ಣ ವ್ಯತ್ಯಾಸವಾಗಿ ಕಂಡರೂ ಲೋಹಕ್ಕೆ ಬಹಳ ದೂರ.

## ಹಿಡಿತ ತಪ್ಪುವ ಜಾಗಗಳು

ಮೊದಲನೆಯದು ಹಳೆ ಬಣ್ಣ ಸುಟ್ಟು ತೆಗೆಯುವ ಭಟ್ಟಿ. ಕಬ್ಬಿಣದ ಗೇಟು, ಹುಕ್ಕು, ಬ್ರಾಕೆಟ್‌ಗಳ ಬಣ್ಣ ತೆಗೆಯಲು ಅವನ್ನು 400 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುವ ಪದ್ಧತಿ ಇದೆ. ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಅಲಾಯ್ ವೀಲ್ ಅಲ್ಲಿಗೆ ಒಮ್ಮೆ ಹೋಗಿ ಬಂದರೂ ಟಿ6 ಸ್ಥಿತಿ ಹೋದಂತೆಯೇ. ಅದರ ಮೇಲೆ ಎಷ್ಟೇ ಚೆಂದದ ಬಣ್ಣ ಬಿದ್ದರೂ ಅದನ್ನು ಮತ್ತೆ ಕಾರಿಗೆ ಹಾಕಬಾರದು.

ಎರಡನೆಯದು ಬೆಂಡ್ ತೆಗೆಯುವ ಗ್ಯಾಸ್ ಟಾರ್ಚ್. ಗುಂಡಿಗೆ ಬಿದ್ದು ಒಳ ಅಂಚು ಬಾಗಿದ ರಿಮ್ಮನ್ನು ಕಾಯಿಸಿ, ಜಾಕಿನಲ್ಲಿ ಒತ್ತಿ ನೇರ ಮಾಡುತ್ತಾರೆ. ಕಬ್ಬಿಣ ಕೆಂಪಗಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಹಾಗಲ್ಲ. ಕರಗುವ ತನಕವೂ ಅದರ ಬಣ್ಣ ಬದಲಾಗುವುದು ಕಾಣದು. ಎ356 ಕರಗಲು ಶುರುವಾಗುವುದು ಸುಮಾರು 557 ಡಿಗ್ರಿಯಲ್ಲಿ. ಅಷ್ಟರೊಳಗೆ ಆ ಜಾಗ ಯಾವಾಗಲೋ ಮೆತ್ತಗಾಗಿರುತ್ತದೆ. ಕಾಯಿಸಿದ ಕೈಗೂ ಗೊತ್ತಾಗುವುದಿಲ್ಲ, ನೋಡಿದ ಕಣ್ಣಿಗೂ ಗೊತ್ತಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ವೀಲ್ ಕೊಳ್ಳುವಾಗ ಒಳಭಾಗದ ಬಣ್ಣ ಒಂದೇ ಕಡೆ ಸುಟ್ಟು ಕಂದಾಗಿದ್ದರೆ ಅದು ಟಾರ್ಚಿನ ಗುರುತಿರಬಹುದು. ಹೊಸದಾಗಿ ಪೌಡರ್ ಕೋಟ್ ಆದ ವೀಲ್‌ನಲ್ಲಿ ಆ ಗುರುತು ಮುಚ್ಚಿಹೋಗಿರುತ್ತದೆ.

ಮೂರನೆಯದು ಓವನ್ನಿನ ಗಾಳಿಯ ಶಾಖಕ್ಕೂ ಲೋಹದ ಶಾಖಕ್ಕೂ ಇರುವ ಅಂತರ. ಹೆಚ್ಚಿನ ಘಟಕಗಳಲ್ಲಿ ದಿನವೂ ಬೇಯುವುದು ತೆಳು ತಗಡಿನ ಪ್ಯಾನೆಲ್‌ಗಳು, ಅವು ಬೇಗ ಬಿಸಿಯೇರುತ್ತವೆ. ವೀಲ್‌ನ ನಡುಭಾಗ ದಪ್ಪ, ರಿಮ್ಮಿನ ಗೋಡೆ ತೆಳು. ಪುಡಿ ಬೇಗ ಬೇಯಲಿ ಎಂದು ಗಾಳಿಯನ್ನು 230, 240ಕ್ಕೆ ಏರಿಸಿದರೆ ನಡುಭಾಗ ಇನ್ನೂ ತಣ್ಣಗಿರುವಾಗಲೇ ಗೋಡೆ ಮಿತಿ ದಾಟುತ್ತದೆ. ಸರಿಯಾದ ಕ್ರಮವೆಂದರೆ ಗಾಳಿಯನ್ನು ಬೇಕಾದ ಶಾಖದ ಹತ್ತಿರವೇ ಇಟ್ಟು, ಲೋಹ ಆ ಶಾಖ ಮುಟ್ಟಿದ ಮೇಲೆ ನಿಮಿಷ ಎಣಿಸುವುದು. ಲೋಹದ ಶಾಖ ಅಳೆಯಲು ತಂತಿ ಪ್ರೋಬ್ ಅಥವಾ ಶಾಖ ತೋರಿಸುವ ಸ್ಟಿಕ್ಕರ್ ಬೇಕು. ಬರಿ ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಿಬೇಕಿನ ಹೊತ್ತಿನಲ್ಲಿ ಅದನ್ನು ನಂಬಿದರೆ ತಪ್ಪುವುದು ಅಪಾಯದ ದಿಕ್ಕಿಗೇ.

ಇವುಗಳ ಜೊತೆಗೆ, ಬಣ್ಣ ಹಿಡಿಸಲಿಲ್ಲವೆಂದು ಮತ್ತೆ ಮತ್ತೆ ಕೋಟ್ ಮಾಡಿಸುವುದೂ ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಸುತ್ತಿನ ಗಂಟೆಗಳು ಹಿಂದಿನವುಗಳ ಮೇಲೆ ಕೂಡುತ್ತ ಹೋಗುತ್ತವೆ. ಎರಡನೇ ಸಲ ಬಣ್ಣ ಬದಲಿಸಬೇಕೆನಿಸಿದರೆ ದ್ರವ ಪೇಂಟಿಗೆ ಹೋಗುವುದು ಒಳ್ಳೆಯದು. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು ಪೇಂಟ್ 60 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಒಣಗುತ್ತದೆ. ಆ ಶಾಖಕ್ಕೆ ಲೋಹದಲ್ಲಿ ಏನೂ ಆಗದು. ಕಲ್ಲೇಟು ತಡೆಯುವುದರಲ್ಲಿ ಮಾತ್ರ ಅದು ಪೌಡರ್‌ಗಿಂತ ಒಂದು ಕೈ ಕಡಿಮೆ.

## ಬಣ್ಣಕ್ಕೆ ಮೊದಲಿನ ಕೆಲಸ

ಕೋಟಿಂಗ್ ಬೇಗ ಎದ್ದುಬಂದರೆ ಕಾರಣ ಸಾಮಾನ್ಯವಾಗಿ ಪುಡಿಯಲ್ಲಿರುವುದಿಲ್ಲ, ಅದಕ್ಕೂ ಮೊದಲು ನಡೆದ ಕೆಲಸದಲ್ಲಿರುತ್ತದೆ.

ಟೈರು, ವಾಲ್ವ್, ಬ್ಯಾಲೆನ್ಸಿಂಗ್ ವೆಯ್ಟ್, ನಡುವಿನ ಕ್ಯಾಪ್, ಗಾಳಿ ಒತ್ತಡದ ಸೆನ್ಸರ್ ಇದ್ದರೆ ಅದೂ, ಎಲ್ಲ ಕಳಚಬೇಕು. ಟೈರ್ ಇಟ್ಟುಕೊಂಡೇ ಪೌಡರ್ ಕೋಟ್ ಮಾಡಲಾಗದು. ಬರಿ ವೀಲನ್ನು ಬ್ಯಾಲೆನ್ಸಿಂಗ್ ಮಷಿನ್ನಿಗೆ ಹಾಕಿ ತಿರುಗಿಸಿ ಓಲಾಟ ನೋಡಬೇಕು. ಒಳಗೋಡೆಯನ್ನು ತೊಳೆದು, ಬೆಳಕು ಹಿಡಿದು ಬಿರುಕು ಹುಡುಕಬೇಕು. ಗುಂಡಿಯ ಹೊಡೆತದ ಬಿರುಕು ಹೆಚ್ಚಾಗಿ ಹೊರಗಿನಿಂದ ಕಾಣದ ಒಳ ಅಂಚಿನಲ್ಲೇ ಇರುತ್ತದೆ. ಬಿರುಕು ಸಿಕ್ಕಿದರೆ ಕೆಲಸ ಅಲ್ಲಿಗೇ ನಿಲ್ಲಬೇಕು.

ಹಳೆ ಬಣ್ಣ ತೆಗೆಯಲು ಅಲ್ಯೂಮಿನಿಯಂಗೆ ಒಗ್ಗುವ ಪೇಂಟ್ ರಿಮೂವರ್ ಬಳಸುತ್ತಾರೆ. ಕಾಸ್ಟಿಕ್ ಸೋಡಾ ಮಾತ್ರ ಕೂಡದು. ಅದು ಬಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಹೈಡ್ರೋಜನ್ ಅನಿಲ ಹೊರಬಿಡುತ್ತದೆ, ಕರಗದೆ ಉಳಿದ ಸಿಲಿಕಾನ್ ಮೇಲ್ಮೈಯಲ್ಲಿ ಕಪ್ಪು ಮಸಿಯಾಗಿ ಕೂರುತ್ತದೆ. ಆ ಮಸಿಯ ಮೇಲೆ ಬಿದ್ದ ಕೋಟಿಂಗ್ ಹಿಡಿಯುವುದಿಲ್ಲ.

ಇಲ್ಲೇ ಇನ್ನೊಂದು ತೊಡಕಿದೆ. ಕಬ್ಬಿಣದ ಕೆಲಸ ಮಾಡುವ ಘಟಕಗಳಲ್ಲಿ ಸಾಲಾಗಿ ಟ್ಯಾಂಕ್‌ಗಳಿರುತ್ತವೆ: ಗ್ರೀಸ್ ತೆಗೆಯಲು ಬಿಸಿ ಕಾಸ್ಟಿಕ್, ತುಕ್ಕು ತೆಗೆಯಲು ಆಸಿಡ್, ಪುಡಿ ಹಿಡಿಯಲು ಫಾಸ್ಫೇಟ್. ಈ ಸಾಲು ಕಬ್ಬಿಣಕ್ಕೆ ಹೊಂದಿಸಿದ್ದು. ಅಲ್ಯೂಮಿನಿಯಂಗೆ ಬೇಕಾದದ್ದು ಸೌಮ್ಯ ಕ್ಲೀನರ್, ಅದರ ನಂತರ ಕ್ರೋಮೇಟ್ ಅಥವಾ ಜಿರ್ಕೋನಿಯಂ ಆಧಾರಿತ ತೆಳು ಪದರ. ‘ಅಲ್ಯೂಮಿನಿಯಂಗೆ ಬೇರೆ ಟ್ಯಾಂಕ್ ಇದೆಯೇ’ ಎಂದು ಕೇಳಿದರೆ ಘಟಕದವರ ಅನುಭವ ಎಷ್ಟೆಂದು ಅರ್ಧ ತಿಳಿದುಬಿಡುತ್ತದೆ.

ರಿಮೂವರ್ ನಂತರ ಬ್ಲಾಸ್ಟಿಂಗ್. ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಮೂರ್ನಾಲ್ಕು ಬಾರ್ ಒತ್ತಡದಲ್ಲಿ ಹೊಡೆದರೆ ಬಣ್ಣದ ಪುಡಿ ಹಿಡಿಯುವಷ್ಟು ಹದವಾದ ಒರಟುತನ ಬರುತ್ತದೆ. ಕಬ್ಬಿಣದ ಗ್ರಿಟ್ ಹೊಡೆದರೆ ಅದರ ಚೂರುಗಳು ಮೆತ್ತನೆಯ ಅಲ್ಯೂಮಿನಿಯಂಗೆ ಚುಚ್ಚಿಕೊಂಡು ಉಳಿಯುತ್ತವೆ. ತೇವ ಸೇರಿದಾಗ ಎರಡು ಲೋಹಗಳ ನಡುವೆ ತುಕ್ಕು ಹುಟ್ಟಿ ಬಣ್ಣದಡಿಯಲ್ಲೇ ಹಬ್ಬುತ್ತದೆ. ಬ್ಲಾಸ್ಟ್ ಆದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಅದೇ ದಿನ ಕೋಟ್ ಆಗಬೇಕು.

ಅಂಚಿನ ತರಚು ಆಳವಿಲ್ಲದಿದ್ದರೆ ಅರದಿಂದ ಸವರಿ, ಸ್ಯಾಂಡ್ ಪೇಪರ್‌ನಿಂದ ನಯ ಮಾಡಿದರಾಯಿತು. ಬಾಡಿ ಕೆಲಸಕ್ಕೆ ಬಳಸುವ ಮಾಮೂಲಿ ಪುಟ್ಟಿ ಇಲ್ಲಿ ನಡೆಯದು. 180 ಡಿಗ್ರಿಗೆ ಅದು ಬಿರಿಯುತ್ತದೆ. ಅಲ್ಲದೆ ಪೌಡರ್ ಗನ್ ಪುಡಿಗೆ ವಿದ್ಯುತ್ ಆವೇಶ ಕೊಟ್ಟು ಭೂಸಂಪರ್ಕವಿರುವ ಲೋಹಕ್ಕೆ ಅಂಟಿಸುವುದರಿಂದ, ವಿದ್ಯುತ್ ಹರಿಯದ ಪುಟ್ಟಿಯ ಮೇಲೆ ಪುಡಿ ಸರಿಯಾಗಿ ಕೂರುವುದೂ ಇಲ್ಲ. ಆಳದ ಗಾಯ ತುಂಬಲೇಬೇಕೆಂದರೆ ಶಾಖ ತಡೆಯುವ, ಲೋಹದ ಪುಡಿ ಬೆರೆತ ಫಿಲ್ಲರ್ ಬೇಕು, ಇಲ್ಲವೇ ದ್ರವ ಪೇಂಟಿನ ದಾರಿ ಹಿಡಿಯಬೇಕು.

ಪ್ರಿಬೇಕನ್ನು ಬಿಟ್ಟರೆ ಏನಾಗುತ್ತದೆ ಎಂಬುದು ವೀಲ್ ಕೈಗೆ ಬಂದಾಗ ಕಾಣುತ್ತದೆ. ಪುಡಿ ಕರಗುವ ಹೊತ್ತಿಗೆ ಎರಕದ ರಂಧ್ರಗಳಿಂದ ಗಾಳಿ ಹೊರಟು, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳೂ ಗುಳ್ಳೆಗಳೂ ಏಳುತ್ತವೆ. ಆ ತೂತುಗಳ ಮೂಲಕ ಮಳೆನೀರು ಒಳಗಿಳಿಯುತ್ತದೆ. ಗಾಳಿ ಹೊರಹೋಗಲು ಅವಕಾಶ ಕೊಡುವ ಪ್ರೈಮರ್ ಪುಡಿಗಳೂ ಇವೆ. ಅಂಥದ್ದನ್ನು ಬಳಸಿದರೆ ಪ್ರಿಬೇಕನ್ನು ಅತಿಯಾಗಿ ಏರಿಸಬೇಕಾಗುವುದಿಲ್ಲ.

## ಪುಡಿ ಬೀಳಬಾರದ ಜಾಗ

ಪೌಡರ್ ಕೋಟಿನ ಒಂದು ಪದರ ಸುಮಾರು 60ರಿಂದ 80 ಮೈಕ್ರಾನ್ ದಪ್ಪ, ಮೂರು ಪದರ ಸೇರಿದರೆ 200 ಮೈಕ್ರಾನ್ ಹತ್ತಿರ. ಮುಖದ ಮೇಲೆ ಇದು ರಕ್ಷಣೆ. ವೀಲ್‌ನ ಹಿಂಭಾಗ ಹಬ್ಬಿಗೆ ಕೂರುವ ಜಾಗದಲ್ಲಿ, ನಟ್ ಕೂರುವ ಇಳಿಜಾರು ಕುಳಿಗಳಲ್ಲಿ ಮಾತ್ರ ಇದು ಕೇಡು. ನಟ್ ಬಿಗಿಸಿದಾಗ ಲೋಹಕ್ಕೆ ಲೋಹ ಒತ್ತಿಕೊಳ್ಳಬೇಕು. ನಡುವೆ ಪ್ಲಾಸ್ಟಿಕ್ಕಿನಂಥ ಪದರ ಇದ್ದರೆ ಓಡಾಟದ ಬಿಸಿ ಮತ್ತು ಒತ್ತಡಕ್ಕೆ ಅದು ನಿಧಾನವಾಗಿ ನುಜ್ಜಾಗಿ ತೆಳುವಾಗುತ್ತದೆ, ಬಿಗಿತ ಸಡಿಲವಾಗುತ್ತದೆ. ಕೋಟಿಂಗ್ ಆದ ಕೆಲವು ದಿನಕ್ಕೆ ನಟ್ ಸಡಿಲವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಆದ್ದರಿಂದ ಹಬ್ ಮುಖಕ್ಕೂ ನಡುರಂಧ್ರಕ್ಕೂ ಶಾಖ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪ್, ನಟ್ ಕುಳಿಗಳಿಗೆ ಸಿಲಿಕೋನ್ ಬಿರಡೆ ಹಾಕಬೇಕು. ಟೈರಿನ ಅಂಚು ಕೂರುವ ಸುತ್ತುಪಟ್ಟಿಯಲ್ಲಿ ಪದರ ತೆಳುವಾಗಿ, ನಯವಾಗಿರಬೇಕು. ಅಲ್ಲಿ ಉಂಡೆಗಟ್ಟಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ.

ಕಡ್ಡಿಗಳ ನಡುವಿನ ಇಕ್ಕಟ್ಟಾದ ಮೂಲೆಗಳಲ್ಲಿ ಪುಡಿ ಸರಿಯಾಗಿ ಇಳಿಯುವುದಿಲ್ಲ. ವಿದ್ಯುತ್ ಸೆಳೆತ ಅಂಚುಗಳಲ್ಲೇ ಜಾಸ್ತಿ ಇರುವುದರಿಂದ ಪುಡಿ ಅಲ್ಲೇ ಕುಳಿತುಬಿಡುತ್ತದೆ. ಗನ್ನಿನ ವೋಲ್ಟೇಜ್ ಇಳಿಸಿ ಮೂಲೆಗಳನ್ನು ಮೊದಲು ತುಂಬಿಸುವವರು ಕೆಲಸ ಬಲ್ಲವರು.

## ವೀಲ್ ವಾಪಸ್ ಬಂದಾಗ

ಕಡ್ಡಿಗಳ ಮೂಲೆ ತೆಳುವಾಗಿದೆಯೇ, ಮುಖದಲ್ಲಿ ಸೂಜಿತೂತು ಇದೆಯೇ ಎಂದು ಬಿಸಿಲಿನಲ್ಲಿ ನೋಡಿ. ಹಿಂಭಾಗ ತಿರುಗಿಸಿ ಹಬ್ ಮುಖ ಬರಿ ಲೋಹವಾಗಿದೆಯೇ ಎಂದು ಬೆರಳಾಡಿಸಿ. ಒಳಗೋಡೆಯ ಮೇಲೆ, ಕಣ್ಣಿಗೆ ಬೀಳದ ಕಡೆ, ಥಿನ್ನರ್ ಅದ್ದಿದ ಬಟ್ಟೆಯಿಂದ ಹತ್ತಿಪ್ಪತ್ತು ಸಲ ಉಜ್ಜಿ. ಹೊಳಪು ಸ್ವಲ್ಪ ಮಂಕಾದರೆ ಪರವಾಗಿಲ್ಲ. ಬಣ್ಣ ಮೆತ್ತಗಾಗಿ ಬಟ್ಟೆಗೆ ಧಾರಾಳವಾಗಿ ಹತ್ತಿದರೆ ಪುಡಿ ಪೂರ್ತಿ ಬೆಂದಿಲ್ಲ. ಆಗ ಓವನ್ನಿಗೆ ಮತ್ತೆ ಹಾಕುವುದಾದರೆ ಕೊನೆಯ ಬೇಕನ್ನಷ್ಟೇ ಮಾಡಿಸಿ, ಬಣ್ಣ ಕಿತ್ತು ಪ್ರಿಬೇಕಿನಿಂದ ಹೊಸದಾಗಿ ಶುರುಮಾಡುವುದು ಬೇಡ. ಬಿಳಿ ಮತ್ತು ತಿಳಿ ಬಣ್ಣಗಳು ಹಳದಿಗೆ ತಿರುಗಿದ್ದರೆ ಅದು ಶಾಖ ಅಥವಾ ಸಮಯ ಮೀರಿದ ಸುಳಿವು. ಆ ಬ್ಯಾಚಿನ ಶಾಖದ ದಾಖಲೆ ಕೇಳಿ ನೋಡಬೇಕು. ದಾಖಲೆ ಇಲ್ಲದೆ ಅನುಮಾನ ಉಳಿದರೆ ಲೋಹ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಗಡಸುತನ ಅಳೆಸಬಹುದು. ಟಿ6 ಸ್ಥಿತಿಯ ಎ356 ಸಾಮಾನ್ಯವಾಗಿ 75ರಿಂದ 90 ಬ್ರಿನೆಲ್ ಆಸುಪಾಸು ಇರುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದಿದ್ದರೆ ಆ ವೀಲನ್ನು ಬಿಟ್ಟುಬಿಡಬೇಕು.

ಟೈರ್ ಕೂರಿಸುವಾಗ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿ. ಮುಖಕ್ಕೆ ಕ್ಲಿಪ್ ಹೊಡೆಯುವ ವೆಯ್ಟ್ ಬದಲು ಒಳಗೆ ಅಂಟಿಸುವ ವೆಯ್ಟ್ ಕೇಳಿ. ಕ್ಲಿಪ್ ಹೊಸ ಪದರವನ್ನು ಅಂಚಿನಲ್ಲೇ ಸೀಳುತ್ತದೆ. ನಟ್‌ಗಳನ್ನು ಏರ್ ಗನ್ನಿನಲ್ಲಿ ಕೊನೆತನಕ ಬಿಗಿಸದೆ, ಕಾರಿನ ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಸಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ವೀಲ್ ತಣ್ಣಗಿರುವಾಗ, ಅದೇ ಅಳತೆಗೆ ಇನ್ನೊಮ್ಮೆ ಪರೀಕ್ಷಿಸಿ. ಆಗ ನಟ್ ಗಮನಕ್ಕೆ ಬರುವಷ್ಟು ತಿರುಗಿದರೆ ಕೇವಲ ಬಿಗಿಸಿ ಸುಮ್ಮನಾಗಬೇಡಿ, ವೀಲ್ ಬಿಚ್ಚಿಸಿ ಕುಳಿಗಳಲ್ಲೂ ಹಬ್ ಮುಖದಲ್ಲೂ ಪುಡಿಯ ಪದರ ಉಳಿದಿದೆಯೇ ನೋಡಿ.